ಚಾಳೀಸು ಜೇಬಿನಲ್ಲಿದ್ದ ಒಂಬತ್ತು ದಿನ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರ ಮರಳು ಪರೀಕ್ಷಾ ಕೋಣೆಗೆ ನಾನು ಮೊದಲ ದಿನ ಕಾಲಿಟ್ಟಾಗ, ಒಳಗಿದ್ದ ಹುಡುಗಿ ಕುರ್ಚಿ ಬಿಟ್ಟು ಎದ್ದು ನಿಂತಳು. "ಕುಳಿತುಕೊಳ್ಳಿ ಕಾಕಾ" ಎಂದಳು. ಆಕೆಗೆ 23 ವರ್ಷ, ನನಗೆ 42. ಆ ಕೋಣೆಯ ಉಸ್ತುವಾರಿ ಆಕೆಯದು. ನಾನು ಆಕೆಯ ಕೈಕೆಳಗೆ ಕೆಲಸ ಕಲಿಯಲು ಬಂದವನು. ಹಿರಿಯರನ್ನು ಕಂಡರೆ ಎದ್ದು ನಿಲ್ಲಬೇಕೆಂದು ಮನೆಯಲ್ಲಿ ಕಲಿಸಿದ್ದನ್ನೇ ಆಕೆ ಮಾಡಿದ್ದಳು. ಆದರೆ ಆ ಕುರ್ಚಿಯಲ್ಲಿ ಕುಳಿತುಕೊಳ್ಳಲು ನನ್ನಿಂದ ಆಗಲಿಲ್ಲ. ಇಡೀ ದಿನ ನಿಂತೇ ಇದ್ದೆ.

ಅದಕ್ಕೂ ಮೊದಲು 24 ವರ್ಷ ನಾನು ನೇಕಾರ. ವಡಗಾವಿಯಲ್ಲಿ ಮನೆಯ ಮುಂದಿನ ಪಡಸಾಲೆಯಲ್ಲೇ ನಾಲ್ಕು ವಿದ್ಯುತ್ ಮಗ್ಗಗಳಿದ್ದವು. 2019ರ ಆಗಸ್ಟ್ ಮಳೆಯಲ್ಲಿ ನೆಲದಿಂದ ನೀರು ಒಸರಿ ಹಾಸಿನ ನೂಲು ಸುತ್ತಿದ್ದ ಬೀಮುಗಳು ನೆನೆದುಹೋದವು. ಅದರ ಸಾಲ ತೀರುವ ಮೊದಲೇ 2020ರ ಮಾರ್ಚ್ ಬಂತು, ಅಂಗಡಿಗಳು ಮುಚ್ಚಿದವು, ನೇಯ್ದ ಸೀರೆ ಮನೆಯಲ್ಲೇ ಉಳಿಯಿತು. 2021ರ ಬೇಸಿಗೆಯಲ್ಲಿ ಮಗ್ಗಗಳನ್ನು ಕಿಲೋ ಲೆಕ್ಕದಲ್ಲಿ ಗುಜರಿಗೆ ಕೊಟ್ಟೆವು. ಸದ್ದು ನಿಂತ ಆ ಮನೆಯಲ್ಲಿ ಒಂದು ವಾರ ಯಾರಿಗೂ ಸರಿಯಾಗಿ ನಿದ್ದೆ ಹತ್ತಲಿಲ್ಲ.

ಹಣದ ಭಯ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ಒಳಗೆ ಕುಳಿತ ಭಯವೇ ಬೇರೆ. ನಮ್ಮ ಓಣಿಯಲ್ಲಿ ಯಾರ ಮನೆಯ ಮಗ್ಗ ಕೆಟ್ಟರೂ ನನ್ನನ್ನು ಕರೆಯುತ್ತಿದ್ದರು. ರಸ್ತೆಯಲ್ಲಿ ನಡೆದು ಹೋಗುವಾಗ ಲಾಳಿಯ ಸದ್ದು ಕೇಳಿಯೇ ಯಾವ ಮಗ್ಗದ ಪಟ್ಟಿ ಸಡಿಲವಾಗಿದೆ ಎಂದು ಹೇಳುತ್ತಿದ್ದೆ. ಆ ಬಲ್ಲವನ ಸ್ಥಾನ ಬಿಟ್ಟು, ಏನೂ ಬಾರದವನಾಗಿ ಹುಡುಗರ ನಡುವೆ ನಿಲ್ಲಬೇಕಲ್ಲ ಎಂಬುದೇ ನನ್ನನ್ನು ಕಾಡುತ್ತಿತ್ತು.

ಫೌಂಡ್ರಿಯಲ್ಲಿ ಮೊದಲ ಐದು ತಿಂಗಳು ಮರಳು ಕಲಸುವ ವಿಭಾಗದಲ್ಲಿ ಸಹಾಯಕನಾಗಿದ್ದೆ. ವಿಚಿತ್ರವೆಂದರೆ ಆಗ ಭಯವೇ ಇರಲಿಲ್ಲ. ಸಲಿಕೆ ಹಿಡಿದವನಿಂದ ಯಾರೂ ತಿಳಿವಳಿಕೆ ನಿರೀಕ್ಷಿಸುವುದಿಲ್ಲ. ನನ್ನ ಅರ್ಜಿಯಲ್ಲಿ ಪಿಯುಸಿ ವಿಜ್ಞಾನ ಎಂದಿದ್ದದ್ದನ್ನು ಯಾರೋ ನೋಡಿ, 2022ರ ಜನವರಿಯಲ್ಲಿ ನನ್ನನ್ನು ಪರೀಕ್ಷಾ ಕೋಣೆಗೆ ಕಳಿಸಿದರು. ಸಂಬಳ ಸ್ವಲ್ಪ ಏರಿತು, ಮೈದಣಿವು ಇಳಿಯಿತು, ಭಯ ಅಂದೇ ಶುರುವಾಯಿತು.

ಆ ಕೋಣೆಯ ಕೆಲಸವನ್ನು ಸ್ವಲ್ಪ ಹೇಳಬೇಕು, ಇಲ್ಲವಾದರೆ ನಾನು ಮಾಡಿದ ತಪ್ಪು ತಿಳಿಯುವುದಿಲ್ಲ. ಕಬ್ಬಿಣದ ಎರಕ ಹೊಯ್ಯುವುದು ಮರಳಿನ ಅಚ್ಚಿನಲ್ಲಿ. ಮರಳಿಗೆ ಬೆಂಟೊನೈಟ್ ಎಂಬ ಜೇಡಿಯನ್ನೂ ಕಲ್ಲಿದ್ದಲ ಪುಡಿಯನ್ನೂ ನೀರನ್ನೂ ಸೇರಿಸಿ, ಮಲ್ಲರ್ ಎಂಬ ಯಂತ್ರದಲ್ಲಿ ಅರೆದು ಹದ ಮಾಡುತ್ತಾರೆ. ನೀರು ಹೆಚ್ಚಾದರೆ ಕಾದ ಕಬ್ಬಿಣ ತಾಗಿದಾಗ ಆವಿ ಎದ್ದು ಎರಕದಲ್ಲಿ ಸೂಜಿಮೊನೆಯಂಥ ತೂತುಗಳಾಗುತ್ತವೆ. ಕಡಿಮೆಯಾದರೆ ಅಚ್ಚಿನ ಅಂಚು ಉದುರಿ ಮರಳು ಕಬ್ಬಿಣದೊಳಗೆ ಸೇರಿಕೊಳ್ಳುತ್ತದೆ. ಹದ ಸರಿಯಿದೆಯೇ ಎಂದು ಗಂಟೆಗೊಮ್ಮೆ ನೋಡಿ ಬರೆದಿಡುವುದೇ ನಮ್ಮ ಕೆಲಸ.

ತೇವಾಂಶ ನೋಡುವುದು ಸುಲಭ. 50 ಗ್ರಾಂ ಮರಳನ್ನು 105ರಿಂದ 110 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ತೂಗಬೇಕು. 1.7 ಗ್ರಾಂ ಇಳಿದಿದ್ದರೆ ತೇವಾಂಶ ಶೇ. 3.4. ಬಲ ನೋಡುವುದು ಸ್ವಲ್ಪ ನಾಜೂಕಿನದು. ಸುಮಾರು 150 ಗ್ರಾಂ ಮರಳನ್ನು ಉಕ್ಕಿನ ಕೊಳವೆಗೆ ಹಾಕಿ, ಬಡಿಯುವ ಯಂತ್ರದ ಕೆಳಗಿಟ್ಟು, 6.35 ಕಿಲೋ ತೂಕದ ಗುಂಡನ್ನು 50 ಮಿಲಿಮೀಟರ್ ಎತ್ತರದಿಂದ ಮೂರು ಬಾರಿ ಬೀಳಿಸಬೇಕು. ಆಗ 50 ಮಿ.ಮೀ. ಅಡ್ಡಳತೆಯ, 50 ಮಿ.ಮೀ. ಎತ್ತರದ ಒಂದು ಪುಟ್ಟ ಉಂಡೆಗಂಬ ಸಿಗುತ್ತದೆ. ಅದನ್ನು ಇನ್ನೊಂದು ಯಂತ್ರದಲ್ಲಿ ಒತ್ತಿ, ಎಷ್ಟು ಭಾರಕ್ಕೆ ಒಡೆಯಿತು ಎಂದು ಬರೆಯಬೇಕು.

ಆ 50 ಮಿ.ಮೀ. ಎತ್ತರವೇ ಎಲ್ಲಕ್ಕೂ ಆಧಾರ. ಬಡಿಯುವ ಯಂತ್ರದ ದಂಡದ ತುದಿಯಲ್ಲಿ ಮೂರು ಸಣ್ಣ ಗೆರೆಗಳನ್ನು ಕೆತ್ತಿರುತ್ತಾರೆ. ಮೂರನೇ ಪೆಟ್ಟಿನ ನಂತರ ದಂಡದ ಮೇಲ್ತುದಿ ನಡುಗೆರೆಗೆ ಬಂದರೆ ಎತ್ತರ ಸರಿ, ಮೇಲಿನ ಕೆಳಗಿನ ಗೆರೆಗಳ ಒಳಗಿದ್ದರೂ ನಡೆಯುತ್ತದೆ. ಹೊರಗೆ ಹೋದರೆ ಆ ಮಾದರಿಯನ್ನು ಚೆಲ್ಲಿ, ಮರಳಿನ ತೂಕವನ್ನು ಒಂದೆರಡು ಗ್ರಾಂ ಹೆಚ್ಚುಕಡಿಮೆ ಮಾಡಿ ಮತ್ತೆ ಬಡಿಯಬೇಕು. ಮರಳಿನ ಹದ ಬದಲಾದಂತೆ ಈ ತೂಕವೂ ಬದಲಾಗುತ್ತದೆ.

ನನಗೆ ಅಲ್ಲಿ ಕಂಡದ್ದು ಒಂದೇ ಗೆರೆ.

ಕಾರಣ ಸರಳ. 40 ದಾಟಿದ ಮೇಲೆ ನನಗೆ ಹತ್ತಿರದ್ದು ಮಸುಕು. ಚಾಳೀಸು ಇತ್ತು, ಅಂಗಿಯ ಜೇಬಿನಲ್ಲೇ ಇತ್ತು. ಮಗ್ಗದ ಮುಂದೆ ತುಂಡಾದ ಎಳೆ ಕಟ್ಟುವಾಗ ಎಂದೂ ಅದನ್ನು ಬಿಟ್ಟವನಲ್ಲ. ಆದರೆ ಆ ಕೋಣೆಯಲ್ಲಿ ಅದನ್ನು ಹೊರತೆಗೆಯಲು ಮನಸ್ಸು ಬರಲಿಲ್ಲ. ಸುತ್ತ ಇದ್ದವರೆಲ್ಲ 20, 22, 25ರ ಹುಡುಗರು. ಮೊದಲೇ ಕಾಕಾ ಆಗಿದ್ದೆ. ಮೂಗಿನ ತುದಿಗೆ ಕನ್ನಡಕ ಇಳಿಸಿ, ತಲೆ ಹಿಂದಕ್ಕೆ ವಾಲಿಸಿ ಅಳತೆ ಓದುವ ಕಾಕಾ ಆಗುವುದು ನನಗೆ ಬೇಡವಾಗಿತ್ತು. ತೂಕದ ಯಂತ್ರದ ಅಂಕಿಗಳು ದೊಡ್ಡವು, ಕೆಂಪು ಬೆಳಕಿನವು, ಕಾಣುತ್ತಿದ್ದವು. ದಂಡದ ತುದಿಯಲ್ಲಿ ಮಾತ್ರ ಏನೋ ಒಂದು ದಪ್ಪ ಗೆರೆ ಇದೆ ಎಂದುಕೊಂಡು, ಅದರ ಸುತ್ತಮುತ್ತ ಬಂದರೆ ಸಾಕು ಎಂದು ತೀರ್ಮಾನಿಸಿದೆ. ಮೊದಲ ವಾರ ಆಕೆ ತೋರಿಸಿದಾಗ ಮರಳಿನ ತೂಕ 142 ಗ್ರಾಂ ಇತ್ತು. ಅದನ್ನೇ ಬರೆದುಕೊಂಡು, ಮಂತ್ರದಂತೆ ಪ್ರತಿ ಸಲ 142 ಗ್ರಾಂ ಹಾಕುತ್ತಾ ಹೋದೆ.

ಎರಡನೇ ವಾರ ಆಕೆ ಎರಡನೇ ಶಿಫ್ಟಿಗೆ ಹೋದಳು. ಹಗಲಿನ ಪರೀಕ್ಷೆ ನನ್ನ ಪಾಲಿಗೆ ಬಂತು. ಆ ದಿನಗಳಲ್ಲಿ ಮರಳಿನ ಹದ ಬದಲಾಗಿತ್ತು, ಸರಿಯಾದ ಎತ್ತರ ಬರಲು 150ಕ್ಕಿಂತ ಸ್ವಲ್ಪ ಹೆಚ್ಚು ಬೇಕಿತ್ತು. ನನ್ನ ಮಾದರಿಗಳೆಲ್ಲ ಗಿಡ್ಡವಾಗುತ್ತಿದ್ದವು. ಅವೇ ಮೂರು ಪೆಟ್ಟು ಕಡಿಮೆ ಮರಳಿಗೆ ಬಿದ್ದರೆ ಅದು ಹೆಚ್ಚು ಬಿಗಿಯಾಗುತ್ತದೆ, ಬಲ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಚದರ ಸೆಂಟಿಮೀಟರಿಗೆ 1290, 1300 ಗ್ರಾಂ ಎಂದು ಬರೆಯುತ್ತಾ ಬಂದೆ. ನಮ್ಮಲ್ಲಿ ಮೇಲ್ಮಿತಿ 1250. ಮಿತಿ ದಾಟಿದ ಅಂಕಿ ನೋಡಿ ಮಲ್ಲರಿನವರು ಬೆಂಟೊನೈಟನ್ನು ಸ್ವಲ್ಪ ಕಡಿಮೆ ಮಾಡಿದರು. ಅವರು ನಂಬಿದ್ದು ನನ್ನ ಬರಹವನ್ನು.

ನನಗೆ ಅನುಮಾನವಿರಲಿಲ್ಲವೇ? ಇತ್ತು. ಬೆರಳಲ್ಲಿ ಹಿಸುಕಿದರೆ ಮರಳು ಪುಡಿಯಾಗುತ್ತಿತ್ತು, ಅಂಕಿ ಮಾತ್ರ ಗಟ್ಟಿ ಎನ್ನುತ್ತಿತ್ತು. ಗಂಜಿ ಸಾಲದ ನೂಲು ಕೈಗೆ ಹೇಗೆ ಬರುತ್ತದೆಯೋ ಹಾಗೆ. ಮೂರನೇ ದಿನವೇ ಕೇಳಬಹುದಿತ್ತು. ಪಕ್ಕದ ಕೋಣೆಯಲ್ಲಿ ಐಟಿಐ ಮುಗಿಸಿದ ಹುಡುಗನೊಬ್ಬ ಇದ್ದ, ಅವನಿಗೆ ಎಲ್ಲ ಗೊತ್ತಿತ್ತು. "ತಮ್ಮಾ, ಸ್ವಲ್ಪ ನೋಡು" ಎನ್ನಲು ಎರಡು ಸಲ ಬಾಗಿಲವರೆಗೆ ಹೋಗಿ ಬಂದೆ. ಇಷ್ಟೂ ಗೊತ್ತಿಲ್ಲದವನನ್ನು ಇಲ್ಲಿಗೇಕೆ ಕಳಿಸಿದರು ಎಂದು ಅವನು ಅಂದುಕೊಂಡರೆ? ಆ ಒಂದು ಪ್ರಶ್ನೆ ನನ್ನ ಬಾಯಿ ಕಟ್ಟಿತು. ಹೀಗೆ ಒಂಬತ್ತು ಕೆಲಸದ ದಿನಗಳು ಕಳೆದವು.

ಅಚ್ಚು ವಿಭಾಗದಿಂದ ದೂರು ಬಂತು. ಅಚ್ಚಿನ ಅಂಚುಗಳು ಉದುರುತ್ತಿವೆ, ವರದಿಯಲ್ಲಿ ಬಲ ಭರ್ಜರಿಯಾಗಿದೆ, ಇದು ಹೇಗೆ ಎಂದು. ಮರುದಿನ ಆಕೆ ಬೆಳಗಿನ ಶಿಫ್ಟಿಗೇ ಬಂದಳು. "ಕಾಕಾ, ಒಂದು ಮಾದರಿ ಮಾಡಿ, ನಾನು ನೋಡುತ್ತೇನೆ" ಎಂದಳು. ಮಾಡಿದೆ. ಮೂರನೇ ಪೆಟ್ಟಿನ ನಂತರ ನಾನು ದಂಡವನ್ನು ಎತ್ತಲು ಹೋದಾಗ ಆಕೆ ಮೆಲ್ಲಗೆ ತಡೆದು, ಗೆರೆಗಳ ಕಡೆ ಬೆರಳು ತೋರಿಸಿದಳು. ನಾನು ನೋಡಿದೆ. ಕಾಣಲಿಲ್ಲ. ಆಕೆಗೆ ಅದು ತಿಳಿಯಿತು. ಒಂದು ಕ್ಷಣ ಇಬ್ಬರೂ ಸುಮ್ಮನಿದ್ದೆವು. ಆಮೇಲೆ ನಾನು ಜೇಬಿನಿಂದ ಚಾಳೀಸು ತೆಗೆದು ಹಾಕಿಕೊಂಡೆ. ಮೂರು ಗೆರೆಗಳು ಕೂದಲೆಳೆಯಷ್ಟು ಸ್ಪಷ್ಟವಾಗಿದ್ದವು, ನನ್ನ ಮಾದರಿ ಕೊನೆಯ ಗೆರೆಯನ್ನೂ ದಾಟಿ ಕೆಳಗಿಳಿದಿತ್ತು.

"ನಿಮಗೆ ಯಾರೂ ಹೇಳಲಿಲ್ಲವೇ?" ಎಂದಳು.

"ನಾನು ಕೇಳಲಿಲ್ಲ ಮೇಡಂ" ಎಂದೆ.

ಆಕೆ ರಿಜಿಸ್ಟರ್ ತೆಗೆದು ಒಂಬತ್ತು ದಿನದ ಬಲದ ಅಂಕಿಗಳ ಮೇಲೆ ಕೆಂಪು ಗೆರೆ ಎಳೆದಳು. ಪಕ್ಕದಲ್ಲಿ "ಮಾದರಿಯ ಎತ್ತರ ಸರಿಯಿಲ್ಲ" ಎಂದು ಬರೆದು ತನ್ನ ಸಹಿ ಹಾಕಿದಳು. ನನ್ನ ಹೆಸರು ಬರೆಯಲಿಲ್ಲ. ಯಾರೂ ನನ್ನನ್ನು ಗದರಲಿಲ್ಲ. ಸಂಜೆ ಮೂರನೇ ರೈಲ್ವೆ ಗೇಟಿನವರೆಗೆ ಸೈಕಲ್ ತುಳಿಯದೆ ತಳ್ಳಿಕೊಂಡೇ ಹೋದೆ. ನಾಳೆ ಬರುವುದೋ ಬೇಡವೋ ಎಂದು ಯೋಚಿಸುತ್ತಿದ್ದೆ. ಕೆಲಸ ಬಾರದು ಎಂಬುದಕ್ಕಲ್ಲ, ಬಾರದ್ದನ್ನು ಮುಚ್ಚಿಟ್ಟು ಇನ್ನೊಬ್ಬರ ಅಚ್ಚು ಕೆಡಿಸಿದೆನಲ್ಲ ಎಂಬುದಕ್ಕೆ. ಮಗ್ಗದಲ್ಲಿ ಯಾರಾದರೂ ತಪ್ಪು ಎಳೆಯನ್ನು ಮುಚ್ಚಿ ನೇಯ್ದರೆ ನಾನೇ ಎಷ್ಟು ಸಿಟ್ಟಾಗುತ್ತಿದ್ದೆ!

ಮರುದಿನ ಹೋದೆ. ಆಕೆಯೇ ಒಂದು ಉಪಾಯ ಹೂಡಿದ್ದಳು. ಹಾಳೆಯೊಂದರಲ್ಲಿ ಎರಡು ಕಾಲಂ ಎಳೆದು ಕಪಾಟಿನ ಬಾಗಿಲಿಗೆ ಅಂಟಿಸಿದ್ದಳು. ಪ್ರತಿ ಬೆಳಿಗ್ಗೆ ಒಂದೇ ಬಕೆಟ್ ಮರಳಿನಿಂದ ಇಬ್ಬರೂ ಬೇರೆ ಬೇರೆ ಪರೀಕ್ಷೆ ಮಾಡುವುದು, ಒಬ್ಬರದನ್ನು ಒಬ್ಬರು ನೋಡದೆ ಬರೆಯುವುದು, ಆಮೇಲೆ ಹೋಲಿಸುವುದು. ಅಳತೆಯ ಕೆಲಸ ಮಾಡುವ ಕಡೆಗಳಲ್ಲಿ ಇದು ಹೊಸದೇನಲ್ಲ; ಇಬ್ಬರು ಅಳೆದರೆ ಒಂದೇ ಉತ್ತರ ಬರುತ್ತದೆಯೇ ಎಂದು ನೋಡುವ ಪದ್ಧತಿ ಇದ್ದೇ ಇದೆ. ಆದರೆ ನನ್ನ ಮಟ್ಟಿಗೆ ಅದು ಬೇರೆಯೇ ಕೆಲಸ ಮಾಡಿತು. ಅಲ್ಲಿಯವರೆಗೆ "ನಾನು ಇವರಿಗಿಂತ ಹಿಂದೆ ಇದ್ದೇನೆ" ಎಂಬುದು ಹೊಟ್ಟೆಯೊಳಗಿನ ಒಂದು ಗಂಟಾಗಿತ್ತು. ಎಷ್ಟು ಹಿಂದೆ, ಯಾವುದರಲ್ಲಿ ಹಿಂದೆ ಎಂದು ಕೇಳಿದರೆ ಉತ್ತರವಿರಲಿಲ್ಲ. ಈಗ ಉತ್ತರ ಕಪಾಟಿನ ಬಾಗಿಲಿನ ಮೇಲಿತ್ತು.

ಮೊದಲ ದಿನ ತೇವಾಂಶದಲ್ಲಿ ಆಕೆಯದು 3.4, ನನ್ನದೂ 3.4. ಅಂದರೆ ಅದರಲ್ಲಿ ನಾನು ಹಿಂದೆ ಇರಲೇ ಇಲ್ಲ, ಸುಮ್ಮನೆ ಹೆದರಿದ್ದೆ. ಬಲದಲ್ಲಿ ಆಕೆಯದು 1160, ನನ್ನದು 1230. ಚಾಳೀಸು ಹಾಕಿದ ಮೇಲೂ 70ರ ಅಂತರ. ಆಕೆ ನನ್ನ ಕೈ ನೋಡಿ ಕಾರಣ ಹೇಳಿದಳು: ನಾನು ಮರಳನ್ನು ಕೊಳವೆಗೆ ಹಾಕಿ ಬೆರಳಿನಿಂದ ಸ್ವಲ್ಪ ಒತ್ತುತ್ತಿದ್ದೆ. ಬೀಮಿಗೆ ನೂಲು ಸುತ್ತುವಾಗ ಸಡಿಲ ಬಿಡಬಾರದೆಂದು ಕಲಿತ ಬೆರಳು, ಎಲ್ಲಿ ಸಡಿಲು ಕಂಡರೂ ಒತ್ತುತ್ತದೆ. ಅದನ್ನು ಬಿಡಿಸಲು ಮೂರು ವಾರ ಬೇಕಾಯಿತು. ಮಾರ್ಚ್ ಕೊನೆಯ ಹೊತ್ತಿಗೆ ಇಬ್ಬರ ಅಂತರ 20, 30ಕ್ಕೆ ಇಳಿಯಿತು. ಅಷ್ಟು ವ್ಯತ್ಯಾಸ ಒಬ್ಬರೇ ಎರಡು ಸಲ ಮಾಡಿದರೂ ಬರುತ್ತದೆ. ಒಂದು ದಿನ ಅಂತರ 90 ಬಂದಾಗ ಇಬ್ಬರೂ ಮತ್ತೆ ಮಾಡಿದೆವು. ತಪ್ಪು ಆಕೆಯದಾಗಿತ್ತು, ಕೊಳವೆಯ ಒಳಗೋಡೆಗೆ ಹಿಂದಿನ ಮರಳು ಅಂಟಿಕೊಂಡಿತ್ತು. ಆಕೆ ನಕ್ಕು ತನ್ನ ಅಂಕಿಯನ್ನು ತಾನೇ ಹೊಡೆದುಹಾಕಿದಳು. ತಪ್ಪನ್ನು ಅಷ್ಟು ಹಗುರವಾಗಿ ಹೊಡೆದುಹಾಕಬಹುದು ಎಂಬುದನ್ನು ನಾನು ಆ ದಿನ ಕಲಿತೆ.

ಎಲ್ಲ ಅಂತರವೂ ಹೀಗೆ ಮುಚ್ಚಲಿಲ್ಲ. ಕಂಪ್ಯೂಟರಿನಲ್ಲಿ ಎಕ್ಸೆಲ್ ಹಾಳೆ ತುಂಬುವುದನ್ನು ಕಲಿತಿದ್ದೇನೆ, ಆದರೆ ಹುಡುಗರು ಐದು ನಿಮಿಷದಲ್ಲಿ ಮುಗಿಸುವುದಕ್ಕೆ ನನಗೆ ಇಪ್ಪತ್ತು ನಿಮಿಷ ಬೇಕು, ನಾಲ್ಕು ವರ್ಷವಾದರೂ ಹಾಗೇ ಇದೆ. ಹೊರಗಿನ ಕಂಪನಿಗಳಿಂದ ತಪಾಸಣೆಗೆ ಬಂದವರು ಇಂಗ್ಲಿಷಿನಲ್ಲಿ ಕೇಳಿದರೆ ಅರ್ಥವಾಗುತ್ತದೆ, ಉತ್ತರ ನಾಲಿಗೆಗೆ ಬರುವುದಿಲ್ಲ. ಅವುಗಳನ್ನು ಬೇರೆಯವರಿಗೆ ಬಿಟ್ಟುಕೊಟ್ಟೆ. ಬಿಟ್ಟುಕೊಡುವಾಗ ನೋವಾಯಿತು, ಈಗ ಆಗುವುದಿಲ್ಲ.

ಹಳೆಯ ಕಸುಬು ಹೊಸ ಕೆಲಸಕ್ಕೆ ನೆರವಾಯಿತೇ ಎಂದು ಅನೇಕರು ಕೇಳುತ್ತಾರೆ. ಬೆರಳಿನ ವಿಷಯದಲ್ಲಿ ಅಡ್ಡಿಯಾಯಿತು, ಆಗಲೇ ಹೇಳಿದೆ. ನೆರವಾದದ್ದು 2023ರ ಏಪ್ರಿಲ್‌ನಲ್ಲಿ, ಅದೂ ಅರ್ಧ ಮಾತ್ರ.

ಆ ತಿಂಗಳು ಪಂಪಿನ ಭಾಗಗಳ ಎರಕದಲ್ಲಿ ಮರಳು ಸೇರಿಕೊಂಡ ಕಲೆಗಳು ಹೆಚ್ಚಾದವು. ಹಗಲು ಹೊಯ್ದದ್ದು ಚೆನ್ನಾಗಿರುತ್ತಿತ್ತು, ಎರಡನೇ ಶಿಫ್ಟಿನ ಕೊನೆಯ ತಾಸುಗಳದ್ದೇ ಕೆಡುತ್ತಿತ್ತು. ನಮ್ಮ ಪರೀಕ್ಷೆಯಲ್ಲಿ ಏನೂ ದೋಷವಿಲ್ಲ. ಮರಳಿನ ಹದಕ್ಕೆ ಒಂದು ಒಳ್ಳೆಯ ಅಳತೆ ಕಾಂಪ್ಯಾಕ್ಟಬಿಲಿಟಿ: ಜರಡಿ ಹಿಡಿದ ಮರಳನ್ನು ಕೊಳವೆಗೆ ಸಡಿಲವಾಗಿ ತುಂಬಿ, ಬಾಯಿಮಟ್ಟಕ್ಕೆ ಸವರಿ, ಮೂರು ಪೆಟ್ಟು ಹಾಕಿದರೆ ಶೇಕಡಾ ಎಷ್ಟು ಇಳಿಯಿತು ಎಂಬುದು. ನಮಗೆ 40ರ ಆಸುಪಾಸು ಬೇಕು. ರಾತ್ರಿಯೂ 42 ಬರುತ್ತಿತ್ತು. ಮಲ್ಲರಿನಲ್ಲಿ ಒಂದಿಷ್ಟು ನೀರು ಹೆಚ್ಚಿಸಿ ನೋಡಿದರು. ಮರಳಿನ ಕಲೆ ಸ್ವಲ್ಪ ತಗ್ಗಿತು, ಬದಲಿಗೆ ಸೂಜಿತೂತುಗಳು ಶುರುವಾದವು.

ಬೇಸಿಗೆಯಲ್ಲಿ ಹತ್ತಿಯ ಹಾಸು ಒಣಗಿದರೆ ಎಳೆಗಳು ಪಟಪಟನೆ ಹರಿಯುತ್ತವೆ. ಅದಕ್ಕೇ ಮಗ್ಗದ ಕೆಳಗಿನ ನೆಲಕ್ಕೆ ನೀರು ಚಿಮುಕಿಸುತ್ತಿದ್ದೆವು. ಗಂಜಿ ಹಾಕುವಾಗ ನೂಲು ಹೇಗಿತ್ತು ಎಂಬುದು ಮುಖ್ಯವಲ್ಲ, ಲಾಳಿ ಓಡುವ ಗಳಿಗೆಯಲ್ಲಿ ಅದು ಹೇಗಿದೆ ಎಂಬುದು ಮುಖ್ಯ ಎಂದು ಅಪ್ಪ ಹೇಳುತ್ತಿದ್ದ. ನಾವು ಮರಳಿನ ಮಾದರಿ ತೆಗೆಯುತ್ತಿದ್ದದ್ದು ಮಲ್ಲರಿನ ಬಾಯಲ್ಲಿ. ಅಚ್ಚು ಕಟ್ಟುವ ಯಂತ್ರ ಅಲ್ಲಿಂದ ದೂರ; ಮರಳು ಪಟ್ಟಿಯ ಮೇಲೆ ಸಾಗಿ, ತೊಟ್ಟಿಯಲ್ಲಿ ಕಾದು, ಆಮೇಲೆ ಅಚ್ಚಾಗುತ್ತದೆ. ಒಂದು ರಾತ್ರಿ ನಾನು ಎರಡು ಡಬ್ಬಿ ತೆಗೆದುಕೊಂಡು ಹೋದೆ. ಮಲ್ಲರಿನ ಮರಳು 42. ಅಚ್ಚು ಯಂತ್ರದ ತೊಟ್ಟಿಯ ಮರಳು 34.

ಅಲ್ಲಿಗೆ ನನ್ನ ಬುದ್ಧಿ ನಿಂತಿತು. ನೀರು ದಾರಿಯಲ್ಲಿ ಹೋಗುತ್ತಿದೆ, ಸರಿ; ಹಗಲು ಏಕೆ ಹೋಗುವುದಿಲ್ಲ? ಆಕೆಗೆ ಹೇಳಿದೆ. ಆಕೆ ಮಾತಾಡದೆ ಥರ್ಮಾಮೀಟರ್ ತಂದು ಮರಳಿಗೆ ಚುಚ್ಚಿದಳು. 58 ಡಿಗ್ರಿ. "ಬಿಸಿ ಮರಳು ಕಾಕಾ" ಎಂದಳು. ಬೆಳಗಿನಿಂದ ಹೊಯ್ದ ಅಚ್ಚುಗಳ ಮರಳೇ ತಿರುಗಿ ತಿರುಗಿ ಮಲ್ಲರಿಗೆ ಬರುತ್ತದೆ, ಸಂಜೆಯ ಹೊತ್ತಿಗೆ ಅದಕ್ಕೆ ತಣಿಯಲು ವೇಳೆ ಸಿಗುವುದಿಲ್ಲ. ಸುಮಾರು 50 ಡಿಗ್ರಿ ದಾಟಿದರೆ ಹಾಕಿದ ನೀರು ಜೇಡಿಯನ್ನು ಸರಿಯಾಗಿ ಹಿಡಿಯುವ ಮೊದಲೇ ಆವಿಯಾಗತೊಡಗುತ್ತದೆ. ಅದಕ್ಕೇ ಮಲ್ಲರಿನಲ್ಲಿ ಅಳತೆ ಸರಿ, ಯಂತ್ರದಲ್ಲಿ ಒಣ. ಇದೆಲ್ಲ ಆಕೆ ಡಿಪ್ಲೊಮಾದಲ್ಲಿ ಓದಿದ್ದು. ಆಕೆಯ ಪುಸ್ತಕದಲ್ಲಿ ಕಾರಣವಿತ್ತು, ನನ್ನ ರೂಢಿಯಲ್ಲಿ ಹುಡುಕಬೇಕಾದ ಜಾಗವಿತ್ತು.

ಪರಿಹಾರವನ್ನೂ ಆಕೆಯೇ ಹೇಳಿದಳು. ನೀರನ್ನು ಮಲ್ಲರಿನಲ್ಲಿ ಹೆಚ್ಚಿಸುವ ಬದಲು, ಮರಳು ತಿರುಗಿ ಬರುವ ಪಟ್ಟಿಯ ಮೇಲೆಯೇ ಮೊದಲು ಚಿಮುಕಿಸುವುದು. ಶೇ. 1ರಷ್ಟು ನೀರು ಆವಿಯಾಗಿ ಹೋದರೆ ಮರಳು ಸುಮಾರು 25 ಡಿಗ್ರಿ ತಣಿಯುತ್ತದೆ. ಜೊತೆಗೆ ರಾತ್ರಿಯ ಪಾಳಿಗೆಂದು ತಣ್ಣಗಿನ ಮರಳನ್ನು ಬೇರೆ ತೊಟ್ಟಿಯಲ್ಲಿ ಉಳಿಸಿಕೊಳ್ಳುವುದು. ಎರಡು ವಾರದಲ್ಲಿ ತೊಟ್ಟಿಯ ಅಂಕಿ 38ಕ್ಕೆ ಬಂತು, ಕಲೆಗಳು ಹಗಲಿನ ಮಟ್ಟಕ್ಕೆ ಇಳಿದವು. ಅಂದಿನಿಂದ ಮಾದರಿ ಎರಡು ಕಡೆ ತೆಗೆಯುತ್ತೇವೆ. ನೀರು ಚಿಮುಕಿಸುವುದು ಎರಡೂ ಕಸುಬಿನಲ್ಲಿದೆ ಎಂದು ನಾನು ಹೇಳಿದಾಗ ಆಕೆ ವಡಗಾವಿಗೆ ಬಂದು ಮಗ್ಗ ನೋಡಬೇಕು ಎಂದಳು. ನನ್ನ ಮನೆಯಲ್ಲಿ ಮಗ್ಗವಿಲ್ಲ. ಪಕ್ಕದ ಮನೆಗೆ ಕರೆದುಕೊಂಡು ಹೋಗಿ ತೋರಿಸಿದೆ. ಲಾಳಿಯ ಸದ್ದಿಗೆ ಕಿವಿ ಮುಚ್ಚಿಕೊಂಡು, ಹಾಸಿನ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತಿದ್ದಳು. ಆ ದಿನ ಪ್ರಶ್ನೆಗಳೆಲ್ಲ ಆಕೆಯವು.

ಚಾಳೀಸಿಗೆ ಈಗ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದೇನೆ. ಕಪಾಟಿನ ಬಾಗಿಲ ಮೇಲೆ ಹಾಳೆ ತುಂಬಿದಂತೆ ಹೊಸದು ಅಂಟುತ್ತದೆ, ಹಳೆಯವನ್ನು ಎಸೆದಿಲ್ಲ. ಕಳೆದ ತಿಂಗಳು ಆಕೆಗೆ ಪುಣೆಯಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ಹೊರಡುವ ದಿನ ಬೆಳಿಗ್ಗೆಯೂ ಒಂದೇ ಬಕೆಟ್‌ನಿಂದ ಇಬ್ಬರೂ ಮರಳು ತೆಗೆದೆವು. ಆಕೆಯದು 1190, ನನ್ನದು 1210. ಎರಡು ವಾರ ಆಕೆಯ ಕಾಲಂ ಖಾಲಿ ಇತ್ತು, ನನ್ನ ಅಂಕಿಯನ್ನು ಯಾವುದಕ್ಕೂ ಹೋಲಿಸಲು ಆಗದೆ ಆ ದಿನಗಳಲ್ಲಿ ಹಳೆಯ ಅಳುಕು ಮತ್ತೆ ಇಣುಕಿತು.

ಮೊನ್ನೆ ಸೋಮವಾರ ಗೋಕಾಕಿನ ಕಡೆಯ ಹುಡುಗನೊಬ್ಬ ಬಂದಿದ್ದಾನೆ. 19 ವರ್ಷ. ಮೊದಲ ಮಾದರಿಯಲ್ಲಿ ಅವನದು 1340, ನನ್ನದು 1200. ಅವನ ಮುಖ ಸಣ್ಣದಾಯಿತು. ಕೈ ನೋಡಿದೆ, ಅವನೂ ಬೆರಳಿನಿಂದ ಒತ್ತುತ್ತಿದ್ದಾನೆ.